ಸಾವಿರ ವ್ಯೂಗೆ 72 ರೂಪಾಯಿ ಬರುತ್ತಿದ್ದದ್ದು 42ಕ್ಕೆ ಇಳಿದಿದೆ. ವಿಡಿಯೊ ಚಿಕ್ಕದು ಮಾಡಿದ್ದು ತಪ್ಪಾಯಿತೇ?

ಹಿತ್ತಲ_ಒಲೆ · 9 ಸೆಪ್ಟೆಂಬರ್ 2025

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವಳು. ಮೂರು ವರ್ಷದಿಂದ ಯೂಟ್ಯೂಬಿನಲ್ಲಿ ಮಲೆನಾಡಿನ ಅಡುಗೆ ತೋರಿಸುತ್ತಿದ್ದೇನೆ. ಕಡುಬು, ಪತ್ರೊಡೆ, ಕಳಲೆ ಪಲ್ಯ, ಅಪ್ಪೆಮಿಡಿ, ಹೀಗೆ. ಮೊದಲಿನಿಂದಲೂ ನನ್ನ ವಿಡಿಯೊಗಳು 11ರಿಂದ 13 ನಿಮಿಷ ಇರುತ್ತಿದ್ದವು. ಈಗಿನವರಿಗೆ ಅಷ್ಟು ಹೊತ್ತು ನೋಡುವ ತಾಳ್ಮೆ ಇಲ್ಲ ಎಂದು ಒಬ್ಬರು ಹೇಳಿದರು. ಹಾಗಾಗಿ ಜುಲೈನಿಂದ 6–7 ನಿಮಿಷಕ್ಕೆ ಇಳಿಸಿದೆ.

ವ್ಯೂ ಚೆನ್ನಾಗಿಯೇ ಬಂತು. ಜೂನ್‌ನಲ್ಲಿ 1 ಲಕ್ಷ ಇದ್ದದ್ದು ಆಗಸ್ಟ್‌ನಲ್ಲಿ 2 ಲಕ್ಷ ಆಯಿತು. ಅಕ್ಕಿ ರೊಟ್ಟಿಯ ಒಂದು ವಿಡಿಯೊ ನಮ್ಮ ರಾಜ್ಯದಲ್ಲಿ ತುಂಬಾ ಓಡಿತು. ಆದರೆ ದುಡ್ಡು ನೋಡಿ. ಜೂನ್‌ನಲ್ಲಿ 7,200 ರೂಪಾಯಿ, ಆಗಸ್ಟ್‌ನಲ್ಲಿ 8,360. ಆರ್‌ಪಿಎಂ, ಅಂದರೆ ಸಾವಿರ ವ್ಯೂಗೆ ನಮಗೆ ಸಿಗುವ ಹಣ, 72 ಇದ್ದದ್ದು 41.80 ಎಂದು ತೋರಿಸುತ್ತಿದೆ. ವ್ಯೂ ಎರಡು ಪಟ್ಟಾದರೂ ಹಣ ಸಾವಿರ ರೂಪಾಯಿ ಚಿಲ್ಲರೆ ಮಾತ್ರ ಏರಿದೆ.

ಚಿಕ್ಕದು ಮಾಡಿದ್ದಕ್ಕೇ ಹೀಗಾಯಿತಾ? ಇಲ್ಲ ಬೇರೆ ಏನಾದರೂ ಇದೆಯಾ? ನವರಾತ್ರಿ, ದೀಪಾವಳಿಗೆ ಎಂಟು ವಿಡಿಯೊ ಮಾಡಬೇಕೆಂದಿದ್ದೇನೆ. ಎಷ್ಟು ಉದ್ದ ಇಡಬೇಕು ಎಂದು ಅಷ್ಟರೊಳಗೆ ತೀರ್ಮಾನ ಮಾಡಬೇಕು.

---

ರಾಣೆಬೆನ್ನೂರ್_ಟೆಕ್ · 9 ಸೆಪ್ಟೆಂಬರ್

ಅಕ್ಕಾ, ಖಂಡಿತ ಉದ್ದದ್ದೇ ಸಮಸ್ಯೆ. 10 ನಿಮಿಷ ದಾಟದಿದ್ದರೆ ನಡುವೆ ಜಾಹೀರಾತು ಹಾಕುವುದಕ್ಕೇ ಆಗಲ್ಲ. ನಾನು ಮೊಬೈಲ್ ರಿವ್ಯೂ ಮಾಡುತ್ತೇನೆ, ಎಲ್ಲವನ್ನೂ 10 ನಿಮಿಷ 5 ಸೆಕೆಂಡಿಗೆ ನಿಲ್ಲಿಸುತ್ತೇನೆ. ನಿಮಿಷಕ್ಕೊಂದರಂತೆ ಜಾಹೀರಾತಿನ ಜಾಗ ಇಡಿ. ಎಂಟು ಜಾಗ ಇಟ್ಟರೆ ಎಂಟು ಜಾಹೀರಾತಿನ ದುಡ್ಡು ಬರುತ್ತದೆ.

ಇನ್ನೊಂದು, ಸಿಪಿಎಂ, ಅಂದರೆ ಸಾವಿರ ಜಾಹೀರಾತಿಗೆ ಜಾಹೀರಾತುದಾರರು ಕೊಡುವ ಹಣ, ಎಷ್ಟಿದೆ ನೋಡಿ. ಅದರ 55 ಪರ್ಸೆಂಟ್ ನಿಮ್ಮ ಆರ್‌ಪಿಎಂ ಆಗಿರಬೇಕು. ಅದಕ್ಕಿಂತ ಕಡಿಮೆ ಇದ್ದರೆ ಎಲ್ಲೋ ಕಟ್ ಆಗುತ್ತಿದೆ ಎಂದೇ ಅರ್ಥ.

---

ಶಾರ್ಜಾ_ಸಂತು · 9 ಸೆಪ್ಟೆಂಬರ್

ಮೇಡಂ, ಇಂಡಿಯಾದಿಂದ ಅಪ್‌ಲೋಡ್ ಮಾಡಿದರೆ ರೇಟ್ ಕಡಿಮೆ ಅಂತ ಎಲ್ಲರೂ ಹೇಳುತ್ತಾರೆ. ನಾನು ಶಾರ್ಜಾದಲ್ಲಿದ್ದೇನೆ. ಬೇಕಿದ್ದರೆ ವಿಡಿಯೊ ಕಳಿಸಿ, ಇಲ್ಲಿಂದ ಹಾಕಿಕೊಡುತ್ತೇನೆ. ನಮ್ಮ ರೂಮಿನಲ್ಲಿ ಆರು ಜನ ಕನ್ನಡದವರಿದ್ದೇವೆ. ಎಲ್ಲರೂ ನೋಡಿ, ಜಾಹೀರಾತು ಬಂದಾಗ ಒತ್ತುತ್ತೇವೆ ಕೂಡ. ನಮ್ಮ ಊರಿನ ಅಡುಗೆಗೆ ಅಷ್ಟು ಮಾಡದಿದ್ದರೆ ಹೇಗೆ.

---

ಲೆಕ್ಕದ_ಪಟ್ಟಿ · 9 ಸೆಪ್ಟೆಂಬರ್

ಸಂತು ಅವರೇ, ನಿಮ್ಮ ಮನಸ್ಸು ದೊಡ್ಡದು, ಆದರೆ ದಯವಿಟ್ಟು ಅದನ್ನು ಮಾಡಬೇಡಿ. ಎಲ್ಲಿಂದ ಅಪ್‌ಲೋಡ್ ಮಾಡಿದಿರಿ ಎಂಬುದಕ್ಕೂ ರೇಟಿಗೂ ಸಂಬಂಧವಿಲ್ಲ. ನೋಡುವವರು ಎಲ್ಲಿ ಕೂತಿದ್ದಾರೆ ಎಂಬುದಷ್ಟೇ ಲೆಕ್ಕ. ಶಿವಮೊಗ್ಗದಲ್ಲಿ ಕೂತು ನೋಡುವವರ ಮುಂದೆ ಬರಲು ಒಬ್ಬ ಜಾಹೀರಾತುದಾರ ಎಷ್ಟು ಕೊಡುತ್ತಾನೋ ಅಷ್ಟೇ ಬರುತ್ತದೆ. ಆ ವಿಡಿಯೊ ಶಾರ್ಜಾದಿಂದ ಬಂದಿದ್ದರೂ ಅಷ್ಟೇ.

ಗೊತ್ತಿದ್ದವರೆಲ್ಲ ಸೇರಿ ಜಾಹೀರಾತು ಒತ್ತುವುದಂತೂ ಚಾನೆಲ್‌ಗೇ ಅಪಾಯ. ಅದನ್ನು ಯೂಟ್ಯೂಬಿನವರು ಸುಳ್ಳು ಟ್ರಾಫಿಕ್ ಎಂದು ಗುರುತಿಸುತ್ತಾರೆ. ಆ ಹಣ ಕೊನೆಯ ಲೆಕ್ಕದಲ್ಲಿ ಕಡಿತವಾಗುತ್ತದೆ. ಜಾಸ್ತಿಯಾದರೆ ಜಾಹೀರಾತೇ ನಿಂತುಹೋಗುತ್ತದೆ. ಸುಮ್ನೆ ಇಷ್ಟವಾದದ್ದನ್ನು ಪೂರ್ತಿ ನೋಡಿ, ಅಷ್ಟೇ ಸಾಕು.

ಅಕ್ಕಾ, ನಿಮ್ಮ ಪ್ರಶ್ನೆಗೆ ಬರುತ್ತೇನೆ. ನಿಮಗೆ ಒಂದೇ ಸಲ ಎರಡು ಸಂಗತಿ ಬದಲಾಗಿವೆ. ವಿಡಿಯೊ ಚಿಕ್ಕದಾಗಿದೆ, ಜೊತೆಗೆ ನೋಡುವವರೂ ಬೇರೆಯಾಗಿದ್ದಾರೆ. 72 ಮತ್ತು 41.80 ಎಂಬ ಎರಡು ಅಂಕಿ ಇಟ್ಟುಕೊಂಡು ಯಾವುದರ ಪಾಲು ಎಷ್ಟು ಎಂದು ಯಾರೂ ಹೇಳಲಾರರು. ದೇಶವಾರು ಅಂಕಿ ಬೇಕು.

ಕಂಪ್ಯೂಟರಿನಲ್ಲಿ ಯೂಟ್ಯೂಬ್ ಸ್ಟುಡಿಯೊ ತೆರೆದು Analytics ಒಳಗೆ ಹೋಗಿ Advanced mode ಒತ್ತಿ. ಅಲ್ಲಿ Geography ಆರಿಸಿ. ಜೂನ್ ಮತ್ತು ಆಗಸ್ಟ್ ಬೇರೆ ಬೇರೆಯಾಗಿ ನೋಡಿ, ಪ್ರತಿ ದೇಶದ ವ್ಯೂ ಮತ್ತು ಆದಾಯ ಬರೆದುಕೊಂಡು ಬನ್ನಿ. ದೊಡ್ಡ ಎರಡು ದೇಶ ಸಾಕು, ಉಳಿದದ್ದನ್ನು ಒಟ್ಟು ಮಾಡಿ.

---

ಹಿತ್ತಲ_ಒಲೆ · 10 ಸೆಪ್ಟೆಂಬರ್

ಬರೆದುಕೊಂಡು ಬಂದೆ ಸರ್. ಭಾರತ ಮತ್ತು ಅಮೆರಿಕ ಬಿಟ್ಟರೆ ಉಳಿದದ್ದು ಯುಎಇ, ಬ್ರಿಟನ್, ಆಸ್ಟ್ರೇಲಿಯ, ಜರ್ಮನಿ, ಹೀಗೆ ಚೂರುಚೂರು.

ಜೂನ್: ಭಾರತ 80,000 ವ್ಯೂ, 3,200 ರೂಪಾಯಿ. ಅಮೆರಿಕ 12,000 ವ್ಯೂ, 3,000 ರೂಪಾಯಿ. ಉಳಿದವು 8,000 ವ್ಯೂ, 1,000 ರೂಪಾಯಿ.

ಆಗಸ್ಟ್: ಭಾರತ 1,82,000 ವ್ಯೂ, 5,460 ರೂಪಾಯಿ. ಅಮೆರಿಕ 11,000 ವ್ಯೂ, 2,200 ರೂಪಾಯಿ. ಉಳಿದವು 7,000 ವ್ಯೂ, 700 ರೂಪಾಯಿ.

ಇದನ್ನು ನೋಡಿ ನನಗೇ ಆಶ್ಚರ್ಯವಾಯಿತು. ಜೂನ್‌ನಲ್ಲಿ ಅಮೆರಿಕದ 12 ಸಾವಿರ ವ್ಯೂ ಹೆಚ್ಚುಕಡಿಮೆ ಇಲ್ಲಿನ 80 ಸಾವಿರದಷ್ಟೇ ದುಡ್ಡು ತಂದಿದೆ! ಯಾರೋ ನಾಲ್ಕು ಜನ ನೆಂಟರು ಅಲ್ಲಿಂದ ನೋಡುತ್ತಾರೆ ಎಂದುಕೊಂಡಿದ್ದೆ.

---

ಲೆಕ್ಕದ_ಪಟ್ಟಿ · 10 ಸೆಪ್ಟೆಂಬರ್

ಈಗ ಲೆಕ್ಕ ಮಾಡಬಹುದು. ಸಾವಿರ ವ್ಯೂಗೆ ಜೂನ್‌ನಲ್ಲಿ ಭಾರತದಿಂದ 40, ಅಮೆರಿಕದಿಂದ 250, ಉಳಿದ ಕಡೆಯಿಂದ 125 ರೂಪಾಯಿ ಬಂದಿದೆ. ಆಗಸ್ಟ್‌ನಲ್ಲಿ ಅದೇ 30, 200, 100 ಆಗಿದೆ.

ಒಂದು ಪ್ರಶ್ನೆ ಹಾಕಿಕೊಳ್ಳೋಣ. ಆಗಸ್ಟ್‌ನಲ್ಲಿ ಬಂದ ಜನರೇ ಬಂದಿದ್ದು, ರೇಟ್ ಮಾತ್ರ ಜೂನ್‌ನದ್ದೇ ಇದ್ದಿದ್ದರೆ ಎಷ್ಟು ಬರುತ್ತಿತ್ತು?

```
ಭಾರತ     182 × 40  = 7,280
ಅಮೆರಿಕ    11 × 250 = 2,750
ಉಳಿದವು    7 × 125 =   875
ಒಟ್ಟು              10,905
10,905 ÷ 200       = 54.5
```

ನೋಡಿ, ಯಾವ ರೇಟೂ ಇಳಿಯದೇ ಇದ್ದಿದ್ದರೂ ನಿಮ್ಮ ಆರ್‌ಪಿಎಂ 72ರಿಂದ 54.5ಕ್ಕೆ ಬಂದೇ ಬರುತ್ತಿತ್ತು. ಅಕ್ಕಿ ರೊಟ್ಟಿ ನಮ್ಮ ಊರಿನಲ್ಲಿ ಓಡಿತು, ಕಡಿಮೆ ರೇಟಿನ ವ್ಯೂ ಲಕ್ಷದಷ್ಟು ಸೇರಿತು, ಸರಾಸರಿ ಕೆಳಗೆ ಬಂತು. ಇದರಲ್ಲಿ ನಿಮಗೆ ಒಂದು ಪೈಸೆಯೂ ಹೋಗಿಲ್ಲ. ಹೊಸ ವ್ಯೂ ಹಳೆಯದರ ಜೊತೆಗೆ ಸೇರಿದೆ, ಹಳೆಯದನ್ನು ಕಿತ್ತುಕೊಂಡಿಲ್ಲ. ಈ ಪಾಲಿಗೆ ಬೇಜಾರು ಮಾಡಿಕೊಳ್ಳಬೇಡಿ.

ಆದರೆ 54.5ರಿಂದ 41.80ಕ್ಕೆ ಇಳಿದದ್ದು ಬೇರೆ ವಿಷಯ. 10,905 ಬರಬೇಕಾದ ಕಡೆ 8,360 ಬಂದಿದೆ. 2,545 ರೂಪಾಯಿ ನಿಜವಾಗಿಯೂ ಹೋಗಿದೆ. ಯಾಕೆ ಹೋಯಿತು ಎಂದು ಹುಡುಕಬೇಕಾದದ್ದು ಇದನ್ನು.

ಟೆಕ್ ತಮ್ಮ ಹೇಳಿದ್ದರಲ್ಲಿ ಅರ್ಧ ಸರಿ ಇದೆ. 10 ನಿಮಿಷ ಎಂಬುದು ಹಳೆಯ ನಿಯಮ. 2020ರ ಜುಲೈ ಕೊನೆಯಿಂದ ಅದು 8 ನಿಮಿಷ ಆಗಿದೆ. ಹಾಗಾಗಿ ಅಕ್ಕನ 6–7 ನಿಮಿಷದ ವಿಡಿಯೊಗಳಿಗೆ ಮಿಡ್‌ರೋಲ್, ಅಂದರೆ ನಡುವೆ ಬರುವ ಜಾಹೀರಾತು, ಇಲ್ಲವೇ ಇಲ್ಲ, ಆ ಮಾತು ನಿಜ. ಆದರೆ ರೇಟ್ ಇಳಿಯಲು ಜಾಹೀರಾತಿನ ಬೆಲೆಯೇ ಕುಸಿದಿರುವುದೂ ಕಾರಣವಾಗಿರಬಹುದು. ಎರಡನ್ನೂ ಬೇರೆ ಮಾಡಿ ನೋಡಲು ಒಂದು ದಾರಿ ಇದೆ.

ಅಕ್ಕಾ, ಆಗಸ್ಟ್ ತಿಂಗಳನ್ನೇ ಇಟ್ಟುಕೊಳ್ಳಿ, ಭಾರತವನ್ನು ಮಾತ್ರ ಆರಿಸಿ. ಹಳೆಯ 12 ನಿಮಿಷದ ವಿಡಿಯೊಗಳನ್ನು ಒಂದು ಗುಂಪು ಮಾಡಿ, ಹೊಸ ಚಿಕ್ಕವನ್ನು ಇನ್ನೊಂದು ಗುಂಪು ಮಾಡಿ. ಎರಡಕ್ಕೂ RPM, CPM, Playback-based CPM, Estimated monetized playbacks ಈ ನಾಲ್ಕು ಅಂಕಿ ತನ್ನಿ.

---

ರಾಣೆಬೆನ್ನೂರ್_ಟೆಕ್ · 10 ಸೆಪ್ಟೆಂಬರ್

8 ನಿಮಿಷ ಆಗಿದ್ದು ನನಗೆ ಗೊತ್ತಿರಲಿಲ್ಲ ಸರ್, ಥ್ಯಾಂಕ್ಸ್. ಆದರೆ 55 ಪರ್ಸೆಂಟ್ ಮಾತು ಸರಿಯೇ ಅಲ್ವಾ? ಒಪ್ಪಂದದಲ್ಲೇ ಹಾಗೆ ಇದೆ.

---

ಲೆಕ್ಕದ_ಪಟ್ಟಿ · 10 ಸೆಪ್ಟೆಂಬರ್

ಉದ್ದ ವಿಡಿಯೊದ ಜಾಹೀರಾತು ಹಣದಲ್ಲಿ 55 ಪಾಲು ನಮ್ಮದು ಎಂಬುದು ಸರಿ. ಸಿಪಿಎಂನ 55 ಪರ್ಸೆಂಟ್ ಆರ್‌ಪಿಎಂ ಎಂಬುದು ಸರಿಯಲ್ಲ. ಸಿಪಿಎಂ ಎಣಿಸುವುದು ಸಾವಿರ ಜಾಹೀರಾತಿಗೆ. ಆರ್‌ಪಿಎಂ ಎಣಿಸುವುದು ಸಾವಿರ ವ್ಯೂಗೆ, ಅದರಲ್ಲಿ ಜಾಹೀರಾತೇ ಬಾರದ ವ್ಯೂ ಎಷ್ಟೋ ಇರುತ್ತವೆ. ಅಕ್ಕನ ಅಂಕಿ ಬರಲಿ, ಅದರಲ್ಲೇ ತೋರಿಸುತ್ತೇನೆ.

---

ಕೃಷಿ_ಜಗಲಿ · 10 ಸೆಪ್ಟೆಂಬರ್

ನನ್ನದೂ ಇದೇ ಕಥೆ, ಆದರೆ ಬೇರೆ ಕಾರಣ. ನಾನು ಅಡಿಕೆ, ಕಾಳುಮೆಣಸಿನ ಬಗ್ಗೆ ವಿಡಿಯೊ ಮಾಡುತ್ತೇನೆ. ಏಪ್ರಿಲ್‌ನಿಂದ ಚಾನೆಲ್‌ನ ಆರ್‌ಪಿಎಂ 55ರಿಂದ 9ಕ್ಕೆ ಬಿತ್ತು. ಒಂದು ವಾರ ನಿದ್ದೆ ಬರಲಿಲ್ಲ. ಆಮೇಲೆ ನೋಡಿದರೆ ಉದ್ದ ವಿಡಿಯೊಗಳದ್ದು 54, ಅಲ್ಲೇ ಇದೆ. ಮಾರ್ಚ್ ಕೊನೆಯಲ್ಲಿ ಶಾರ್ಟ್ಸ್ ಶುರು ಮಾಡಿದ್ದೆ. ಅದರ ಲಕ್ಷಗಟ್ಟಲೆ ವ್ಯೂ ಒಟ್ಟು ಲೆಕ್ಕಕ್ಕೆ ಸೇರಿಕೊಂಡಿತ್ತು.

ಶಾರ್ಟ್ಸ್‌ನ ಲೆಕ್ಕವೇ ಬೇರೆ. ಅಲ್ಲಿ ನಮ್ಮ ವಿಡಿಯೊದ ಮೇಲೆ ಬಂದ ಜಾಹೀರಾತು ನಮಗೆ ಎಂದಿಲ್ಲ, ಎಲ್ಲವೂ ಒಂದು ಹುಂಡಿಗೆ ಹೋಗಿ ಅಲ್ಲಿಂದ ಹಂಚಿಕೆ. ನಮ್ಮ ಭಾಗಕ್ಕೆ ಬಂದದ್ದರಲ್ಲಿ 45 ಪರ್ಸೆಂಟ್ ಕೈಗೆ. ಅದೂ ಅಲ್ಲದೆ 2025ರ ಮಾರ್ಚ್ 31ರಿಂದ ಶಾರ್ಟ್ಸ್ ಓಡಲು ಶುರುವಾದ ಕೂಡಲೇ ವ್ಯೂ ಎಂದು ಎಣಿಸುತ್ತಾರೆ, ಹಣ ಮಾತ್ರ ನಿಂತು ನೋಡಿದ ವ್ಯೂಗೆ. ಹಾಗಾಗಿ ಕಾಣುವ ವ್ಯೂ ಜಾಸ್ತಿಯಾಯಿತು, ಹಣ ಹಾಗೇ ಇದೆ.

ಅಕ್ಕಾ, ನೀವೂ ಶಾರ್ಟ್ಸ್ ಹಾಕುತ್ತಿದ್ದೀರಾ? ಹಾಕುತ್ತಿದ್ದರೆ ಮೊದಲು ಅದನ್ನು ಬೇರೆ ಮಾಡಿ ನೋಡಿ.

---

ಹಿತ್ತಲ_ಒಲೆ · 11 ಸೆಪ್ಟೆಂಬರ್

ಇಲ್ಲ ಅಣ್ಣಾ, ಶಾರ್ಟ್ಸ್ ನಾನು ಹಾಕುವುದಿಲ್ಲ. ಎಲ್ಲವೂ ಅಡ್ಡ ವಿಡಿಯೊಗಳೇ.

ಲೆಕ್ಕದ ಪಟ್ಟಿ ಸರ್, ನೀವು ಕೇಳಿದ ಅಂಕಿ ಇಲ್ಲಿದೆ. ಎಲ್ಲವೂ ಆಗಸ್ಟ್, ಭಾರತ ಮಾತ್ರ.

ಹಳೆಯ ಉದ್ದದವು 30,000 ವ್ಯೂ. ಆರ್‌ಪಿಎಂ 39. ಸಿಪಿಎಂ 85. ಪ್ಲೇಬ್ಯಾಕ್ ಸಿಪಿಎಂ 130. ಜಾಹೀರಾತು ಬಂದ ವ್ಯೂ ನೂರಕ್ಕೆ 52.

ಹೊಸ ಚಿಕ್ಕವು 1,52,000 ವ್ಯೂ. ಆರ್‌ಪಿಎಂ 28. ಸಿಪಿಎಂ 85. ಪ್ಲೇಬ್ಯಾಕ್ ಸಿಪಿಎಂ 100. ಜಾಹೀರಾತು ಬಂದ ವ್ಯೂ ನೂರಕ್ಕೆ 48.

ಎರಡಕ್ಕೂ ಸಿಪಿಎಂ ಒಂದೇ ಇದೆ. ನಾನು ತಪ್ಪಾಗಿ ಬರೆದುಕೊಂಡೆನೇನೋ ಎಂದು ಮೂರು ಸಲ ನೋಡಿದೆ. ಒಂದೇ ಇದೆ.

---

ಲೆಕ್ಕದ_ಪಟ್ಟಿ · 11 ಸೆಪ್ಟೆಂಬರ್

ನೀವು ತಪ್ಪು ಬರೆದಿಲ್ಲ. ಕಾರಣ ಇರುವುದೇ ಅಲ್ಲಿ.

ಸಿಪಿಎಂ ಎರಡರಲ್ಲೂ 85 ಇದೆ ಎಂದರೆ ಒಂದು ಜಾಹೀರಾತಿನ ಬೆಲೆ ಇಳಿದಿಲ್ಲ. ಜಾಹೀರಾತುದಾರರಿಗೆ ನಿಮ್ಮ ಹೊಸ ವಿಡಿಯೊ ಹಳೆಯದರಷ್ಟೇ ಬೆಲೆಯದ್ದು. ಬದಲಾಗಿರುವುದು ಪ್ಲೇಬ್ಯಾಕ್ ಸಿಪಿಎಂ, 130 ಇದ್ದದ್ದು 100 ಆಗಿದೆ. ಜಾಹೀರಾತು ಕಂಡ ಸಾವಿರ ವ್ಯೂಗೆ ಜಾಹೀರಾತುದಾರರಿಂದ ಒಟ್ಟು ಎಷ್ಟು ಹಣ ಬಂತು ಎಂಬುದು ಈ ಅಂಕಿ. 130ನ್ನು 85ರಿಂದ ಭಾಗಿಸಿದರೆ ಒಂದೂವರೆ. 100ನ್ನು ಭಾಗಿಸಿದರೆ 1.2ರ ಹತ್ತಿರ. ಉದ್ದ ವಿಡಿಯೊದಲ್ಲಿ ಸುಮಾರು ಒಂದೂವರೆ ಜಾಹೀರಾತು ಬಂದ ಕಡೆ ಚಿಕ್ಕದರಲ್ಲಿ ಒಂದೇ ಚಿಲ್ಲರೆ ಬಂದಿದೆ. ಹೋದದ್ದು ಮಿಡ್‌ರೋಲ್.

ಟೆಕ್ ತಮ್ಮ, ನಿನ್ನ 55 ಪರ್ಸೆಂಟನ್ನು ಇಲ್ಲೇ ಹಾಕಿ ನೋಡು. ಚಿಕ್ಕ ವಿಡಿಯೊದ ಸಾವಿರ ವ್ಯೂ ತೆಗೆದುಕೊ. ಜಾಹೀರಾತು ಬಂದದ್ದು 480ಕ್ಕೆ. ಸಾವಿರಕ್ಕೆ 100 ರೂಪಾಯಿಯಂತೆ 480ಕ್ಕೆ 48 ರೂಪಾಯಿ. ಅದರಲ್ಲಿ 55 ಪಾಲು 26.40. ಉಳಿದ ಒಂದೂವರೆ ರೂಪಾಯಿ ಜಾಹೀರಾತಿಲ್ಲದೆ ನೋಡಲು ಹಣ ಕಟ್ಟುವ ಪ್ರೀಮಿಯಂ ಚಂದಾದಾರರಿಂದ ಬಂದಿರಬೇಕು, ಅದನ್ನು ಸೇರಿಸಿದರೆ 28. ಉದ್ದದ್ದಕ್ಕೆ 520ಕ್ಕೆ 130ರಂತೆ 67.60, ಅದರ 55 ಪಾಲು 37 ಚಿಲ್ಲರೆ, ಪ್ರೀಮಿಯಂ ಸೇರಿ 39. ಲೆಕ್ಕ ಕೂಡುತ್ತದೆ. 85ರ 55 ಪರ್ಸೆಂಟ್, ಅಂದರೆ ಸುಮಾರು 47, ಬಂದೇ ಬರಬೇಕು ಎಂದೇನಿಲ್ಲ. ಅದರಲ್ಲಿ ಯಾರೂ ಮೋಸ ಮಾಡಿಲ್ಲ.

ಹಳೆಯ ಉದ್ದದವು ಆಗಸ್ಟ್‌ನಲ್ಲೂ 39 ಕೊಟ್ಟಿವೆ ಎಂಬುದನ್ನು ಗಮನಿಸಿ. ಜೂನ್‌ನಲ್ಲಿ ಭಾರತದ ರೇಟ್ 40 ಇತ್ತು. ತಿಂಗಳು ಕೆಟ್ಟದ್ದಾಗಿದ್ದರೆ ಅವೂ ಬೀಳುತ್ತಿದ್ದವು.

ಒಂದು ಮಾತು ಮಾತ್ರ ಪೂರ್ತಿ ಖಚಿತವಿಲ್ಲ. ಜಾಹೀರಾತು ಬಂದ ವ್ಯೂ 52ರಿಂದ 48ಕ್ಕೆ ಇಳಿದದ್ದು ಉದ್ದಕ್ಕೆ ಸಂಬಂಧಿಸಿದ್ದೋ, ಅಕ್ಕಿ ರೊಟ್ಟಿಗೆ ಬಂದ ಹೊಸ ಜನಕ್ಕೆ ಸಂಬಂಧಿಸಿದ್ದೋ ಈ ಅಂಕಿಗಳಿಂದ ಹೇಳಲಾಗದು.

---

ಫ್ರೀಮಾಂಟ್_ಕನ್ನಡಿಗ · 11 ಸೆಪ್ಟೆಂಬರ್

ನಾನು ಅಕ್ಕನ ಚಾನೆಲ್‌ನ ಹಳೆಯ ವೀಕ್ಷಕ, ಕ್ಯಾಲಿಫೋರ್ನಿಯದಲ್ಲಿದ್ದೇನೆ. ಶನಿವಾರ ಬೆಳಿಗ್ಗೆ ದೊಡ್ಡ ಟಿವಿಯಲ್ಲಿ ಹಾಕಿಕೊಂಡು ನೋಡಿಯೇ ಅಡುಗೆ ಮಾಡುವುದು. ಅಮ್ಮ ಇಲ್ಲಿಗೆ ಬಂದಾಗ ಅವರೂ ನೋಡುತ್ತಾರೆ. ಈಗ ಒಂದು ಚಿಂತೆ ಹತ್ತಿದೆ. ನಮ್ಮ ಮನೆಯಲ್ಲಿ ಪ್ರೀಮಿಯಂ ಇದೆ, ಜಾಹೀರಾತು ಬರುವುದಿಲ್ಲ. ಹಾಗಾದರೆ ನಾವು ನೋಡಿದ್ದಕ್ಕೆ ಅಕ್ಕನಿಗೆ ಏನೂ ಸಿಗುವುದಿಲ್ಲವೇ?

ಇನ್ನೊಂದು ಮಾತು ಅಕ್ಕಾ. ಹೊಸ ವಿಡಿಯೊಗಳು ಚೆನ್ನಾಗಿವೆ, ಆದರೆ ಹಿಟ್ಟಿನ ಹದ ತೋರಿಸುವ ಭಾಗ ಓಡಿಸಿಬಿಟ್ಟಿದ್ದೀರಿ. ಇಲ್ಲಿ ಸಿಗುವ ಅಕ್ಕಿ ಹಿಟ್ಟು ಬೇರೆ. ನಮಗೆ ಆ ಎರಡು ನಿಮಿಷವೇ ಬೇಕಿತ್ತು.

---

ಲೆಕ್ಕದ_ಪಟ್ಟಿ · 11 ಸೆಪ್ಟೆಂಬರ್

ಸಿಗುತ್ತದೆ ಸರ್. ಪ್ರೀಮಿಯಂ ಚಂದಾ ಹಣದಲ್ಲೂ ಚಾನೆಲ್‌ಗೆ ಪಾಲಿದೆ, ನೀವು ಎಷ್ಟು ಹೊತ್ತು ನೋಡಿದಿರಿ ಎಂಬುದರ ಮೇಲೆ. ಜಾಹೀರಾತಿನ ಜಾಗ ಎಲ್ಲಿದೆ ಎಂಬುದು ಅದಕ್ಕೆ ಸಂಬಂಧವೇ ಇಲ್ಲ. ಹಾಗಾಗಿ ನಿಮ್ಮಂಥವರು 12 ನಿಮಿಷ ಪೂರ್ತಿ ನೋಡಿದರೆ 6 ನಿಮಿಷಕ್ಕಿಂತ ಜಾಸ್ತಿ. ಅಕ್ಕನ ಅಮೆರಿಕದ ರೇಟ್ 250ರಿಂದ 200ಕ್ಕೆ ಬಂದದ್ದರಲ್ಲಿ ಇದರ ಪಾಲೂ ಇರಬಹುದು.

ಅಮೆರಿಕದ ವಿಷಯ ಬಂದದ್ದರಿಂದ ಒಂದು ಎಚ್ಚರಿಕೆ. ಸ್ಟುಡಿಯೊದಲ್ಲಿ ಕಾಣುವ ಆರ್‌ಪಿಎಂ ತೆರಿಗೆ ಹಿಡಿಯುವ ಮೊದಲಿನದು. ಅಮೆರಿಕದ ವೀಕ್ಷಕರಿಂದ ಬಂದ ಹಣಕ್ಕೆ ಅಲ್ಲಿನ ತೆರಿಗೆ ಕಡಿತವಾಗುತ್ತದೆ. ಯೂಟ್ಯೂಬ್ ಹಣ ಬರುವ ಆಡ್‌ಸೆನ್ಸ್ ಖಾತೆಯಲ್ಲಿ ತೆರಿಗೆ ಫಾರಂ ತುಂಬಿ, ಭಾರತ–ಅಮೆರಿಕ ಒಪ್ಪಂದದ ರಿಯಾಯಿತಿ ಕೇಳಿದ್ದರೆ ಅಮೆರಿಕದ ಪಾಲಿನ ಮೇಲೆ 15 ಪರ್ಸೆಂಟ್. ಫಾರಂ ತುಂಬಿ ರಿಯಾಯಿತಿ ಕೇಳದಿದ್ದರೆ 30. ಫಾರಂ ತುಂಬದೇ ಬಿಟ್ಟರೆ ಎಲ್ಲ ದೇಶಗಳ ಒಟ್ಟು ಹಣದ ಮೇಲೆಯೇ 24 ಪರ್ಸೆಂಟ್ ಹೋಗಬಹುದು. ಅಕ್ಕಾ, ನಿಮ್ಮ ಜೂನ್ ಲೆಕ್ಕದಲ್ಲಿ ಅದು 450 ರೂಪಾಯಿಗೂ 1,728 ರೂಪಾಯಿಗೂ ಇರುವ ವ್ಯತ್ಯಾಸ. ಇವತ್ತೇ ನೋಡಿಕೊಳ್ಳಿ.

---

ಹಿತ್ತಲ_ಒಲೆ · 11 ಸೆಪ್ಟೆಂಬರ್

ನೋಡಿದೆ ಸರ್. ಮಗ ಮೊದಲೇ ತುಂಬಿದ್ದಾನೆ, 15 ಎಂದೇ ಇದೆ. ಸಮಾಧಾನವಾಯಿತು.

ಫ್ರೀಮಾಂಟ್ ಸರ್, ಹದದ ಭಾಗ ತೆಗೆದದ್ದಕ್ಕೆ ನನಗೂ ಬೇಸರವೇ ಇತ್ತು. ಮತ್ತೆ ಸೇರಿಸುತ್ತೇನೆ. ಈಗ ಹಾಕಿರುವ ಅಕ್ಕಿ ರೊಟ್ಟಿಯ ವಿಡಿಯೊಗೇ ಆ ಭಾಗ ಸೇರಿಸಿ 8 ನಿಮಿಷ ದಾಟಿಸಬಹುದೇ?

ಇನ್ನೊಂದು ಪ್ರಶ್ನೆ. ಮತ್ತೆ 8 ನಿಮಿಷ ದಾಟಿದರೆ ಜಾಹೀರಾತು ಎಲ್ಲಿ ಇಡಬೇಕು? ಹಳೆಯವುಗಳಲ್ಲಿ ನಾನು ಏನೂ ಇಟ್ಟಿಲ್ಲ. ಅದಾಗಿಯೇ ಬಂದದ್ದು ಬಂದಂತೆ ಬಿಟ್ಟಿದ್ದೇನೆ.

---

ರಾಣೆಬೆನ್ನೂರ್_ಟೆಕ್ · 11 ಸೆಪ್ಟೆಂಬರ್

ಅಕ್ಕಾ, ಮೊದಲ ನಿಮಿಷದಿಂದಲೇ ಇಡಿ. ಜನ ಓಡಿಹೋಗುವ ಮೊದಲೇ ತೋರಿಸಬೇಕು.

---

ಲೆಕ್ಕದ_ಪಟ್ಟಿ · 12 ಸೆಪ್ಟೆಂಬರ್

ಹಾಕಿದ ವಿಡಿಯೊಗೆ ಹೊಸ ಭಾಗ ಸೇರಿಸಲು ಬರುವುದಿಲ್ಲ, ಕತ್ತರಿಸಲು ಮಾತ್ರ ಬರುತ್ತದೆ. ಅಕ್ಕಿ ರೊಟ್ಟಿಯನ್ನು ಹಾಗೇ ಬಿಡಿ, ಅದು ಓಡುತ್ತಿರಲಿ.

ಜಾಗದ ವಿಷಯ. ಟೆಕ್ ತಮ್ಮ ಹೇಳುವುದರ ಹಿಂದೆ ಒಂದು ನಿಜ ಇದೆ. ಹೊತ್ತು ಹೋದಂತೆ ಜನ ಕಡಿಮೆಯಾಗುತ್ತಾರೆ. ಅಕ್ಕಾ, ನಿಮ್ಮ ಒಂದು ಹಳೆಯ ವಿಡಿಯೊದ ರಿಟೆನ್ಷನ್ ಗೆರೆ ತೆರೆದು 3ನೇ, 6ನೇ, 10ನೇ ನಿಮಿಷದಲ್ಲಿ ಎಷ್ಟು ಜನ ಉಳಿದಿದ್ದಾರೆ ಹೇಳಿ.

---

ಹಿತ್ತಲ_ಒಲೆ · 12 ಸೆಪ್ಟೆಂಬರ್

ಕಡುಬಿನ ವಿಡಿಯೊ, 12 ನಿಮಿಷದ್ದು. 3ನೇ ನಿಮಿಷಕ್ಕೆ ನೂರಕ್ಕೆ 58, ಆರಕ್ಕೆ 39, ಹತ್ತಕ್ಕೆ 21.

---

ಲೆಕ್ಕದ_ಪಟ್ಟಿ · 12 ಸೆಪ್ಟೆಂಬರ್

ಹಾಗಾದರೆ ಸಾವಿರ ಜನ ಶುರು ಮಾಡಿದರೆ 3ನೇ ನಿಮಿಷದ ಜಾಗಕ್ಕೆ 580 ಜನ ತಲುಪುತ್ತಾರೆ, ಆರರದ್ದಕ್ಕೆ 390, ಹತ್ತರದ್ದಕ್ಕೆ 210. ಕೊನೆಯ ಜಾಗ ಮೊದಲನೆಯದರ ಮೂರರಲ್ಲಿ ಒಂದು ಪಾಲು ಸ್ವಲ್ಪ ಜಾಸ್ತಿ, ಅಷ್ಟೇ. 12 ನಿಮಿಷವನ್ನು 16 ಮಾಡಿದರೆ ಹಣ ಅದೇ ಲೆಕ್ಕದಲ್ಲಿ ಏರುವುದಿಲ್ಲ ಎಂಬುದಕ್ಕೆ ಕಾರಣ ಇದು. ಆ ಹೊತ್ತಿಗೆ ಜಾಹೀರಾತು ನೋಡಲು ಜನವೇ ಇರುವುದಿಲ್ಲ.

ಆದರೆ ನಾವು ಜಾಗ ಇಟ್ಟ ಮಾತ್ರಕ್ಕೆ ಅಲ್ಲಿ ಜಾಹೀರಾತು ಬರುವುದಿಲ್ಲ. ಜಾಗ ಎಂದರೆ ಇಲ್ಲಿ ಹಾಕಬಹುದು ಎಂಬ ಒಪ್ಪಿಗೆ. ಆ ವೀಕ್ಷಕನಿಗೆ ಈಗಷ್ಟೇ ಒಂದು ತೋರಿಸಿದ್ದರೆ, ಅಥವಾ ಅವನಿಗಾಗಿ ಹಣ ಕೊಡುವವರು ಆ ಕ್ಷಣ ಇಲ್ಲದಿದ್ದರೆ, ಸುಮ್ಮನೆ ದಾಟಿಹೋಗುತ್ತದೆ. ಅಕ್ಕನ 12 ನಿಮಿಷದ ವಿಡಿಯೊಗಳಲ್ಲಿ ತಾನಾಗಿ ಬಂದ ಜಾಗಗಳಿದ್ದೂ ಸರಾಸರಿ ಒಂದೂವರೆ ಜಾಹೀರಾತು ಮಾತ್ರ ಬಂದದ್ದನ್ನು ನೋಡಿದೆವಲ್ಲ. ಎಂಟು ಜಾಗಕ್ಕೆ ಎಂಟರ ಹಣ ಬರುವುದಿಲ್ಲ. ಮೊದಲ ನಿಮಿಷದಲ್ಲೇ ಅಡ್ಡ ಹಾಕಿದರೆ ಬಿಟ್ಟು ಹೋಗುವವರು ಜಾಸ್ತಿಯಾಗಿ, ಮುಂದಿನ ಜಾಗಗಳಿಗೆ ತಲುಪುವ ಜನ ಕಡಿಮೆಯಾಗುತ್ತಾರೆ.

ಇನ್ನೊಂದು ಬದಲಾವಣೆ ಇದೆ. ಶುರುವಿನ ಜಾಹೀರಾತು, ಕೊನೆಯದ್ದು, ಸ್ಕಿಪ್ ಆಗುವುದು, ಆಗದಿರುವುದು, ಇವನ್ನು ಬೇರೆ ಬೇರೆಯಾಗಿ ಆರಿಸುವುದು 2023ರ ನವೆಂಬರ್‌ನಲ್ಲೇ ನಮ್ಮ ಕೈ ತಪ್ಪಿದೆ. ಈಗ ನಮ್ಮ ಕೈಯಲ್ಲಿರುವುದು ಮಿಡ್‌ರೋಲ್ ಒಂದೇ. ಅದರಲ್ಲೂ 2025ರ ಮೇ 12ರಿಂದ ಮಾತಿನ ನಡುವೆ ಬೀಳುವ ಜಾಗಗಳಿಗಿಂತ ಸಹಜವಾಗಿ ವಿರಾಮ ಇರುವ ಜಾಗಗಳಲ್ಲಿ ಜಾಹೀರಾತು ಜಾಸ್ತಿ ಹಾಕುತ್ತಿದ್ದಾರೆ. ನಾವು ಗುರುತಿಸಿದ ಜಾಗಗಳ ಜೊತೆಗೆ ಅವರ ತಾನಾಗಿ ಹುಡುಕುವ ಆಯ್ಕೆಯನ್ನೂ ಇಟ್ಟುಕೊಂಡ ಚಾನೆಲ್‌ಗಳಿಗೆ, ಕೈಯಿಂದ ಮಾತ್ರ ಇಟ್ಟವುಗಳಿಗಿಂತ ಸರಾಸರಿ 5 ಪರ್ಸೆಂಟ್‌ಗೂ ಸ್ವಲ್ಪ ಜಾಸ್ತಿ ಜಾಹೀರಾತು ಆದಾಯ ಬಂದಿದೆ ಎಂದು ಯೂಟ್ಯೂಬೇ ಹೇಳಿದೆ.

ನಿಮ್ಮ ಕಡುಬಿನ ವಿಡಿಯೊದಲ್ಲಾದರೆ ನಾನು ಎರಡು ಜಾಗ ಕೈಯಿಂದ ಇಡುತ್ತಿದ್ದೆ. ತರಿ ತೊಳೆದು ಬಸಿಯಲು ಇಟ್ಟ ಮೇಲೆ ಒಂದು, ಅದು ಹೆಚ್ಚುಕಡಿಮೆ 3ನೇ ನಿಮಿಷ. ಉಂಡೆ ಕಟ್ಟಿ ಹಬೆಗೆ ಇಟ್ಟು ಮುಚ್ಚಳ ಹಾಕಿದ ಮೇಲೆ ಇನ್ನೊಂದು. ಮುಚ್ಚಳ ತೆಗೆದರೆ ಏನಿದೆ ಎಂದು ನೋಡಲು ಜನ ಕಾಯುತ್ತಾರೆ. ಉಪ್ಪು, ನೀರಿನ ಅಳತೆ ಹೇಳುವಾಗ ಮಾತ್ರ ಬೇಡ. ಆಗ ಅಡ್ಡ ಬಂದರೆ ಹಿಂದೆ ಹೋಗಿ ಹುಡುಕುತ್ತಾರೆ, ಸಿಗದಿದ್ದರೆ ಬೇರೆ ಚಾನೆಲ್‌ಗೆ ಹೋಗುತ್ತಾರೆ.

---

ಕೃಷಿ_ಜಗಲಿ · 12 ಸೆಪ್ಟೆಂಬರ್

ನನಗೆ ಒಂದು ಅನುಮಾನ ಸರ್. ಉದ್ದ ಮಾಡಿದರೆ ರೇಟ್ ಏರುತ್ತದೆ, ಒಪ್ಪಿದೆ. ಆದರೆ ಅಕ್ಕಿ ರೊಟ್ಟಿ ಅಷ್ಟು ಓಡಿದ್ದೇ ಚಿಕ್ಕದಾಗಿದ್ದಕ್ಕೆ ಇರಬಹುದಲ್ಲ? 12 ನಿಮಿಷ ಇದ್ದಿದ್ದರೆ ಲಕ್ಷ ವ್ಯೂ ಬರುತ್ತಲೇ ಇರಲಿಲ್ಲವೇನೋ. ಆಗ ಸಾವಿರಕ್ಕೆ 39 ಇದ್ದು ಏನು ಪ್ರಯೋಜನ?

---

ಲೆಕ್ಕದ_ಪಟ್ಟಿ · 12 ಸೆಪ್ಟೆಂಬರ್

ಒಳ್ಳೆಯ ಪ್ರಶ್ನೆ, ಇದಕ್ಕೆ ನನ್ನ ಬಳಿ ಉತ್ತರವಿಲ್ಲ. ಲೆಕ್ಕ ಮಾತ್ರ ಹೇಳಬಲ್ಲೆ. 28ರ ರೇಟಿನಲ್ಲಿ 1 ಲಕ್ಷ ವ್ಯೂ ಎಂದರೆ 2,800 ರೂಪಾಯಿ. 39ರ ರೇಟಿನಲ್ಲಿ ಅಷ್ಟೇ ಹಣಕ್ಕೆ ಸುಮಾರು 72 ಸಾವಿರ ವ್ಯೂ ಸಾಕು. ಉದ್ದ ಮಾಡಿದ್ದಕ್ಕೆ ನೂರರಲ್ಲಿ 28ಕ್ಕಿಂತ ಜಾಸ್ತಿ ವ್ಯೂ ಹೋದರೆ ನಷ್ಟ, ಕಡಿಮೆ ಹೋದರೆ ಲಾಭ. ಯಾವುದು ಆಗುತ್ತದೆ ಎಂದು ಮಾಡಿಯೇ ನೋಡಬೇಕು.

ಮಾಡುವಾಗ ಅಕ್ಕಾ, ಎಂಟನ್ನೂ ಉದ್ದ ಮಾಡಬೇಡಿ. ಒಂದೆರಡು ಚಿಕ್ಕದು ಇರಲಿ. ದೀಪಾವಳಿ ಹೊತ್ತಿಗೆ ಜಾಹೀರಾತಿನ ಬೆಲೆಯೇ ಏರುತ್ತದೆ. ಎಲ್ಲವೂ ಉದ್ದ ಇದ್ದರೆ ಹಣ ಹಬ್ಬದಿಂದ ಬಂತೋ ಉದ್ದದಿಂದ ಬಂತೋ ತಿಳಿಯುವುದಿಲ್ಲ. ಹಳೆಯ ವಿಡಿಯೊಗಳ ರೇಟನ್ನೂ ಅದೇ ತಿಂಗಳಲ್ಲಿ ಬರೆದುಕೊಳ್ಳಿ. ತಿಂಗಳು ಮುಗಿದ ಕೂಡಲೇ ನೋಡಬೇಡಿ, ಲೆಕ್ಕ ಗಟ್ಟಿಯಾಗುವುದು ಮುಂದಿನ ತಿಂಗಳ 7ರಿಂದ 12ರೊಳಗೆ.

---

ಹಿತ್ತಲ_ಒಲೆ · 14 ನವೆಂಬರ್ 2025

ಎಲ್ಲರಿಗೂ ಮತ್ತೆ ನಮಸ್ಕಾರ. ಅಕ್ಟೋಬರ್ ಲೆಕ್ಕ ಬಂದಿದೆ, ಹೇಳಿದಂತೆ ಬರೆಯುತ್ತಿದ್ದೇನೆ.

ಎಂಟು ವಿಡಿಯೊ ಆಗಲಿಲ್ಲ, ಆರು ಆಯಿತು. ನಾಲ್ಕು 9ರಿಂದ 10 ನಿಮಿಷ, ಎರಡು 6 ನಿಮಿಷ. ಉದ್ದದ್ದಕ್ಕೆಲ್ಲ ಎರಡೆರಡು ಜಾಗ ಕೈಯಿಂದ ಇಟ್ಟೆ, ತಾನಾಗಿ ಹುಡುಕುವ ಆಯ್ಕೆಯನ್ನೂ ಇಟ್ಟುಕೊಂಡೆ.

ಅಕ್ಟೋಬರ್, ಭಾರತ ಮಾತ್ರ: ಹಳೆಯ 12 ನಿಮಿಷದವು 46. ಹೊಸ ಉದ್ದದವು 44. ಹೊಸ ಚಿಕ್ಕವು 35. ಹಬ್ಬದಿಂದ ಎಲ್ಲವೂ ಏರಿದೆ, ಆದರೆ ಚಿಕ್ಕದ್ದಕ್ಕೂ ಉದ್ದದ್ದಕ್ಕೂ ಇರುವ ಅಂತರ ಹಾಗೇ ಇದೆ. ಅಮೆರಿಕದಲ್ಲಿ ಹೊಸ ಉದ್ದದವು 270 ಕೊಟ್ಟಿವೆ.

ವ್ಯೂ ಮಾತ್ರ ಗೊಂದಲ. ಉದ್ದದ ನಾಲ್ಕರಲ್ಲಿ ಹೋಳಿಗೆಯ ವಿಡಿಯೊ ಚೆನ್ನಾಗಿ ಹೋಯಿತು, ಉಳಿದ ಮೂರು ಸಾಧಾರಣ. ಚಿಕ್ಕದರಲ್ಲಿ ಒಂದು ಚೆನ್ನಾಗಿ, ಒಂದು ತೀರಾ ಕಡಿಮೆ. ಸರಾಸರಿ ತೆಗೆದರೆ ಉದ್ದದ್ದಕ್ಕೆ ನೂರಕ್ಕೆ 20ರಷ್ಟು ಕಡಿಮೆ.

---

ಲೆಕ್ಕದ_ಪಟ್ಟಿ · 14 ನವೆಂಬರ್

ರೇಟಿನ ಮಾತು ಇತ್ಯರ್ಥವಾದಂತೆ. 35ಕ್ಕೂ 44ಕ್ಕೂ ಒಂದೇ ತಿಂಗಳು, ಒಂದೇ ದೇಶ. 44ರ ರೇಟಿಗೆ ವ್ಯೂ ನೂರಕ್ಕೆ 20 ಕಡಿಮೆಯಾದರೆ ಎರಡೂ ಸರಿಸುಮಾರು ಸಮ. ಆದರೆ ಆರು ವಿಡಿಯೊದಿಂದ ವ್ಯೂ ಬಗ್ಗೆ ಏನೂ ಹೇಳಬಾರದು. ಹೋಳಿಗೆ ಒಂದನ್ನು ತೆಗೆದರೆ ಲೆಕ್ಕವೇ ಬೇರೆಯಾಗುತ್ತದೆ.

---

ಕೃಷಿ_ಜಗಲಿ · 14 ನವೆಂಬರ್

ಹಾಗಾದರೆ ನನ್ನ ಅನುಮಾನ ಇನ್ನೂ ಉಳಿದೇ ಇದೆ.

---

ಫ್ರೀಮಾಂಟ್_ಕನ್ನಡಿಗ · 15 ನವೆಂಬರ್

ಹೋಳಿಗೆಯದ್ದು ಪೂರ್ತಿ ನೋಡಿದೆವು ಅಕ್ಕಾ, ಎರಡು ಸಲ. ಕಣಕದ ಹದ ಈ ಸಲ ಸರಿಯಾಗಿ ಕಂಡಿತು.

---

ಹಿತ್ತಲ_ಒಲೆ · 15 ನವೆಂಬರ್

ಸಂತೋಷ ಸರ್. ಜನವರಿಯಲ್ಲಿ ಜಾಹೀರಾತಿನ ಬೆಲೆ ಇಳಿಯುತ್ತದಂತೆ. ಸಂಕ್ರಾಂತಿಗೆ ಮೂರು ಉದ್ದದ್ದು, ಮೂರು ಚಿಕ್ಕದ್ದು ಮಾಡುತ್ತೇನೆ. ಫೆಬ್ರವರಿ 12 ಕಳೆದ ಮೇಲೆ ಅಂಕಿ ಇಲ್ಲೇ ಹಾಕುತ್ತೇನೆ.